ಮುಂದಿನ ಸಂಖ್ಯೆ ಮೇಲಿದ್ದಾಗ

ಬೈನರಿ ಸರ್ಚ್ ಟ್ರೀಯಲ್ಲಿ ಪ್ರತಿ ನೋಡ್‌ನ ಎಡಕ್ಕೆ ಅದಕ್ಕಿಂತ ಚಿಕ್ಕವು, ಬಲಕ್ಕೆ ದೊಡ್ಡವು. ಬೇರಿನಲ್ಲಿ 20, ಅದರ ಎಡಕ್ಕೆ 8, ಬಲಕ್ಕೆ 22. 8ರ ಬಲಕ್ಕೆ 12, 12ರ ಬಲಕ್ಕೆ 14 ಇರಲಿ. ಏರಿಕೆ ಕ್ರಮದಲ್ಲಿ 14ರ ನಂತರದ್ದು ಯಾವುದು? ಅದಕ್ಕೆ ಬಲಗಡೆ ಮಗುವಿದ್ದಿದ್ದರೆ ಆ ಕಡೆ ಇಳಿದು ಎಡತುದಿ ಮುಟ್ಟಿದರೆ ಸಾಕಿತ್ತು. ಇಲ್ಲವಾದ್ದರಿಂದ ಉತ್ತರ ಮೇಲೆಲ್ಲೋ ಇದೆ. ಆದರೆ ನೋಡ್‌ನಲ್ಲಿ ತಂದೆಯ ವಿಳಾಸವಿಲ್ಲ.

ಹಾಗಾಗಿ ಬೇರಿನಿಂದಲೇ 14ನ್ನು ಹುಡುಕುತ್ತ ಇಳಿಯಬೇಕು. ಎಡಕ್ಕೆ ತಿರುಗಿದಾಗಲೆಲ್ಲ, ಯಾವ ನೋಡ್‌ನಿಂದ ತಿರುಗಿದೆವೋ ಅದನ್ನು ನೆನಪಿಡಬೇಕು, ಹಳೆಯದನ್ನು ಮರೆಯಬಹುದು. 20ರಲ್ಲಿ ಎಡಕ್ಕೆ ತಿರುಗಿದೆವು, 8 ಮತ್ತು 12ರಲ್ಲಿ ಬಲಕ್ಕೆ. 14 ಸಿಕ್ಕಾಗ ನೆನಪಿನಲ್ಲಿರುವ 20ೇ ಉತ್ತರ. ನೇರ ತಂದೆ 12 ಎಂದರೆ ಅದು ತಪ್ಪು. 22ನ್ನು ಹುಡುಕಿದರೆ ನೆನಪು ಖಾಲಿ, ಅಂದರೆ ಅದೇ ಕೊನೆಯದು. ಕ್ರಮವಿಲ್ಲದ ಮರದಲ್ಲಿ ಈ ಉಪಾಯ ನಡೆಯದು.