ಕೆಂಪು ಗೆರೆ ಬೀಳುವುದು ಯಾರ ಹೆಸರಿಗೆ?

ಪಿಯು ಪರೀಕ್ಷೆಗೆ ಕೂರಲು ಶೇ. 75ರಷ್ಟು ಹಾಜರಾತಿ ಬೇಕು. ಹಾಜರಿ ಪುಸ್ತಕದಲ್ಲಿ ಪ್ರತಿ ತಿಂಗಳ ಕೊನೆಗೆ ಎರಡು ಸಂಖ್ಯೆ ಬರೆಯುತ್ತಾರೆ: ನಡೆದ ತರಗತಿ, ಹಾಜರಾದ ತರಗತಿ. ಪಕ್ಕದಲ್ಲಿ ಶೇಕಡಾವಾರು. ಕಡಿಮೆ ಬಿದ್ದವರ ಹೆಸರಿಗೆ ಕೆಂಪು ಗೆರೆ. ಎಡವಟ್ಟಾಗುವುದು ಆ ಶೇಕಡಾವಾರಿನಲ್ಲೇ.

ಒಬ್ಬ ವಿದ್ಯಾರ್ಥಿಯ ಲೆಕ್ಕ ನೋಡಿ. ಜೂನ್‌ನಲ್ಲಿ ಒಂದು ವಿಷಯಕ್ಕೆ 20 ತರಗತಿ ನಡೆದು ಅವನು ಬಂದದ್ದು 10, ಅಂದರೆ ಶೇ. 50. ಜುಲೈನಲ್ಲಿ 24ಕ್ಕೆ 20, ಶೇ. 83. ಆಗಸ್ಟ್‌ನಲ್ಲಿ ರಜೆಗಳ ನಡುವೆ ನಡೆದದ್ದೇ 6, ಆರಕ್ಕೂ ಹಾಜರು, ಶೇ. 100. ಈ ಮೂರು ಶೇಕಡಾಗಳನ್ನು ಕೂಡಿಸಿ ಮೂರರಿಂದ ಭಾಗಿಸಿದರೆ ಸುಮಾರು 78 ಬರುತ್ತದೆ, ಹುಡುಗ ಪಾರಾದ! ಆದರೆ ಒಟ್ಟು 50 ತರಗತಿಗೆ ಅವನು ಬಂದದ್ದು 36, ಶೇ. 72 ಮಾತ್ರ. ಆರೇ ತರಗತಿಯ ಆಗಸ್ಟ್‌ಗೂ ಇಪ್ಪತ್ತನಾಲ್ಕರ ಜುಲೈಗೂ ಸಮಾನ ತೂಕ ಕೊಟ್ಟದ್ದೇ ತಪ್ಪು. ಸರಾಸರಿಯ ಸರಾಸರಿ ತೆಗೆಯಬಾರದು. ತರಗತಿಗಳನ್ನೇ ಕೂಡಿಸಿ ಕೊನೆಗೊಮ್ಮೆ ಭಾಗಿಸಬೇಕು.

ಕಂಪ್ಯೂಟರಿನ ಪಟ್ಟಿಯಲ್ಲಿ ಇನ್ನೊಂದು ಮೋಸವಿದೆ. ದಶಾಂಶ ತೋರಿಸದ ಕೋಶದಲ್ಲಿ 74.6 ಎಂಬುದು 75 ಎಂದೇ ಕಾಣುತ್ತದೆ, ಆದರೂ ಬಣ್ಣ ಕೆಂಪು. ‘ಎಪ್ಪತ್ತೈದು ಇದೆಯಲ್ಲ ಸಾರ್’ ಎಂದು ಪೋಷಕರು ಜಗಳಕ್ಕೆ ಬಂದರೆ ಅವರದೇನು ತಪ್ಪು? ಒಂದು ದಶಾಂಶ ಸ್ಥಾನ ತೋರಿಸಿದರೆ ಸಾಕು.

ಕೆಂಪು ಗೆರೆಯ ಪಕ್ಕ ಇನ್ನೊಂದು ಅಂಕಣ ಇದ್ದರೆ ಹೆಚ್ಚು ಉಪಯೋಗ: ಮುಂದೆ ಬಿಡದೆ ಎಷ್ಟು ತರಗತಿಗೆ ಬರಬೇಕು? ಒಟ್ಟು ತರಗತಿಯ ಮೂರು ಪಟ್ಟಿನಿಂದ ಹಾಜರಾದದ್ದರ ನಾಲ್ಕು ಪಟ್ಟನ್ನು ಕಳೆಯಿರಿ. ಇಲ್ಲಿ 150ರಲ್ಲಿ 144 ಹೋಗಿ ಉಳಿದದ್ದು 6. ಆ ಆರಕ್ಕೂ ಬಂದರೆ 56ಕ್ಕೆ 42, ಸರಿಯಾಗಿ ಶೇ. 75. ಇದನ್ನು ಸೆಪ್ಟೆಂಬರ್ ಮೊದಲ ವಾರದಲ್ಲೇ ಹೇಳಿದರೆ ಹುಡುಗನಿಗೆ ಸಮಯವಿರುತ್ತದೆ, ಫೆಬ್ರವರಿಯಲ್ಲಿ ಹೇಳಿದರೆ ಇರುವುದಿಲ್ಲ.