ಎಚ್ಚರಿಕೆ ಪತ್ರ ಕೊಡೋಕೆ ಮುಂಚೆ ನೋಟ್‌ಬುಕ್‌ನಲ್ಲಿ ಬರೆದಿಟ್ಟಿದ್ದೀರಾ?

ಬಟ್ಟೆ ಅಂಗಡಿ ಮಾಲೀಕರೊಬ್ಬರು ಸೇಲ್ಸ್‌ಮನ್‌ಗೆ 'ವರ್ಷಪೂರ್ತಿ ಲೇಟು' ಅಂತ ಎಚ್ಚರಿಕೆ ಪತ್ರ ಕೊಟ್ಟರು ಅಂದುಕೊಳ್ಳಿ. 'ಯಾವತ್ತು ಸಾರ್?' ಅಂದರೆ ಉತ್ತರವೇ ಇರಲ್ಲ.

ಲೇಟಾದ ದಿನವೇ ನೋಟ್‌ಬುಕ್‌ನಲ್ಲಿ ಹೀಗೆ ಬರೆದಿಡಿ: 'ಜೂನ್ 12. 9ಕ್ಕೆ ಬರಬೇಕಿತ್ತು, 9.50ಕ್ಕೆ ಬಂದ. ಬಸ್ ತಪ್ಪಿತು ಅಂದ. ಲೇಟಾದರೆ ಫೋನ್ ಮಾಡು ಅಂತ ಹೇಳಿದೆ.' 'ಸೋಮಾರಿ' ಅಂತ ಬರೀಬೇಡಿ, ಅದು ನಿಮ್ಮ ಸಿಟ್ಟು ಅಷ್ಟೇ. ಬರೆದದ್ದನ್ನು ಅವನಿಗೆ ಓದಿ ಹೇಳಿ ಸಹಿ ಹಾಕಿಸಿ. ಬೇರೆಯವರು ಲೇಟಾದರೂ ಬರೀರಿ, ಇಲ್ಲಾಂದ್ರೆ ಒಬ್ಬನ ಮೇಲೆ ಹಗೆ ಅನ್ನಿಸುತ್ತೆ. ಪತ್ರದ ಹಿಂದಿನ ರಾತ್ರಿ ಕೂತು ಒಂದೇ ಪೆನ್ನಲ್ಲಿ ಗೀಚಿದ್ದು ನೋಡಿದವರಿಗೆ ಗೊತ್ತಾಗಿಬಿಡುತ್ತೆ!

ರಾಜ್ಯದ 1961ರ ಅಂಗಡಿ ಕಾಯ್ದೆ ಪ್ರಕಾರ 6 ತಿಂಗಳು ಸತತ ದುಡಿದವರನ್ನು ತೆಗೆಯಲು ಸರಿಯಾದ ಕಾರಣ ಬೇಕು. ಆ ಕಾರಣ ತೋರಿಸಬೇಕಾದಾಗ ಕೈಗೆ ಬರೋದು ಈ ನೋಟ್‌ಬುಕ್ಕೇ.