ಸೆಂಡ್ ಆಫ್ ದಿನದ ನಾಲ್ಕು ನಿಮಿಷ

ಪದವಿ ಕಾಲೇಜಿನಲ್ಲಿ ಆರನೇ ಸೆಮಿಸ್ಟರಿನ ಪರೀಕ್ಷೆ ಹತ್ತಿರ ಬಂತೆಂದರೆ ಎರಡನೇ ವರ್ಷದವರಿಗೆ ಕೈತುಂಬ ಕೆಲಸ. ತಲೆಗಿಷ್ಟೆಂದು ಹಣ ಕೂಡಿಸಬೇಕು, ಸೀರೆಯ ಬಣ್ಣ ಗೊತ್ತುಮಾಡಬೇಕು, ಮೈಕಿನವರಿಗೆ ಮುಂಗಡ ಕೊಡಬೇಕು. ಇಷ್ಟೆಲ್ಲ ಆದಮೇಲೆ, ಅನೇಕ ಕಡೆ ಹಿಂದಿನ ಸಂಜೆಗೆ, ಒಂದು ಮಾತು ಹೊರಡುತ್ತದೆ: ಜೂನಿಯರ್ಸ್ ಪರವಾಗಿ ಮಾತಾಡುವವರು ಯಾರು?

ಸಿಕ್ಕಿಬಿದ್ದವರು ಸಾಮಾನ್ಯವಾಗಿ ಎರಡರಲ್ಲೊಂದು ದಾರಿ ಹಿಡಿಯುತ್ತಾರೆ. ಒಂದು, ವಾಟ್ಸ್ಆ್ಯಪ್‌ನಲ್ಲಿ ಸುತ್ತುವ ಸಾಲುಗಳನ್ನು ಓದುವುದು. ಅದರಲ್ಲಿ ಹಕ್ಕಿ, ಗೂಡು, ಆಕಾಶ ಎಲ್ಲ ಇರುತ್ತವೆ, ಎದುರು ಕೂತವರು ಮಾತ್ರ ಇರುವುದಿಲ್ಲ. ಇನ್ನೊಂದು, ಸೀನಿಯರ್‌ಗಳ ಕಾಲೆಳೆಯುವುದು. ‘ಟೈಟಲ್’ ಕೊಡುವ ಕಾರ್ಯಕ್ರಮ ಹೇಗೂ ಇರುವುದರಿಂದ ಅದೇ ಧಾಟಿ ಭಾಷಣಕ್ಕೂ ಇಳಿದುಬಿಡುತ್ತದೆ. ಯಾರ ಜೋಡಿ ಯಾರು, ಯಾರಿಗೆ ಎಷ್ಟು ಬ್ಯಾಕ್ ಎಂಬುದಕ್ಕೆ ಸಭಾಂಗಣ ಗೊಳ್ಳೆಂದು ನಗುತ್ತದೆ. ಮುಂದಿನ ಸಾಲಿನಲ್ಲಿ ಅಧ್ಯಾಪಕರಿದ್ದಾರೆ, ಯಾರದೋ ಮೊಬೈಲಿನಲ್ಲಿ ವಿಡಿಯೊ ಆಗುತ್ತಿದೆ. ಹೆಸರು ಕೇಳಿಸಿಕೊಂಡವರೂ ನಗಲೇಬೇಕು. ಬೇರೆ ಉಪಾಯವಿಲ್ಲ.

ಇವೆರಡನ್ನೂ ಬಿಟ್ಟು ಬರೆಯುವುದು ಹೇಗೆ? ಬಿಎಸ್ಸಿ ಎರಡನೇ ವರ್ಷದ ಹುಡುಗಿಯೊಬ್ಬಳು ಹಾಳೆ ಹಿಡಿದು ಕೂತಿದ್ದಾಳೆ ಎಂದುಕೊಳ್ಳೋಣ. ‘ನಮ್ಮ ಸೀನಿಯರ್ಸ್ ತುಂಬಾ ಸಹಾಯ ಮಾಡಿದ್ದಾರೆ’ ಎಂದು ಮೊದಲ ಸಾಲು ಬರೆದಳು. ಸುಳ್ಳಲ್ಲ, ಆದರೆ ಯಾವ ಕಾಲೇಜಿನಲ್ಲಿ ಬೇಕಾದರೂ ಓದಬಹುದಾದ ಸಾಲು. ಏನು ಸಹಾಯ, ಎಲ್ಲಿ, ಯಾವಾಗ ಎಂದು ತನ್ನನ್ನೇ ಕೇಳಿಕೊಂಡಾಗ ಅವಳಿಗೆ ರಸಾಯನಶಾಸ್ತ್ರದ ಲ್ಯಾಬ್ ನೆನಪಾಯಿತು.

ನೈಟ್ರೇಟ್ ಪತ್ತೆಹಚ್ಚುವ ಕಂದು ಉಂಗುರದ ಪರೀಕ್ಷೆ ಅದು. ಲವಣದ ದ್ರಾವಣಕ್ಕೆ ಆಗಷ್ಟೇ ತಯಾರಿಸಿದ ಫೆರಸ್ ಸಲ್ಫೇಟ್ ಸೇರಿಸಿ, ಪ್ರಬಲ ಗಂಧಕಾಮ್ಲವನ್ನು ಪ್ರನಾಳದ ಒಳಗೋಡೆಗುಂಟ ನಿಧಾನವಾಗಿ ಇಳಿಬಿಡಬೇಕು. ಆಗ ಎರಡು ಪದರ ಸೇರುವಲ್ಲಿ ಕಂದು ಉಂಗುರ ಮೂಡುತ್ತದೆ. ಅಲ್ಲಾಡಿಸಿದರೆ ಮಾಯ. ಈಕೆ ಅವಸರಪಟ್ಟು ಎರಡು ಸಲ ಕೆಡಿಸಿದ್ದಳು. ಪಕ್ಕದ ಮೇಜಿನ ಮೂರನೇ ವರ್ಷದ ಅಕ್ಕ ಬಂದು, ‘ಪ್ರನಾಳ ಸ್ವಲ್ಪ ವಾಲಿಸು, ಕೈ ನಡುಗಿದರೆ ಮೊಣಕೈ ಮೇಜಿಗೆ ಊರು’ ಅಂದಿದ್ದಳು. ಮೂರನೇ ಸಲ ಉಂಗುರ ಬಂತು.

ಭಾಷಣಕ್ಕೆ ಬೇಕಿದ್ದುದು ಇಂಥದ್ದೇ. ಇಲ್ಲಿ ನಗುವಿಗೆ ಜಾಗವಿದೆ, ಆದರೆ ನಗು ಬೀಳುವುದು ಮಾತಾಡುವವಳ ಅವಸರದ ಮೇಲೆ. ಅಕ್ಕ ದೊಡ್ಡವಳಾಗಿಯೇ ಉಳಿಯುತ್ತಾಳೆ. ತಮಾಷೆ ಎಲ್ಲಿ ಲೇವಡಿಯಾಗುತ್ತದೆ ಎಂದು ತಿಳಿಯಲು ಇದಕ್ಕಿಂತ ಸುಲಭದ ಗುರುತಿಲ್ಲ: ಕಥೆ ಮುಗಿದಾಗ ಸಭೆ ತಿರುಗಿ ಯಾರನ್ನು ನೋಡುತ್ತದೆ? ಸೀನಿಯರನ್ನೇ ನೋಡಿ ಕಿಸಕ್ಕೆನ್ನುವಂತಿದ್ದರೆ ಆ ಕಥೆ ತೆಗೆಯಬೇಕು. ಹೆಸರು ಹೇಳುವುದಿದ್ದರೆ ಹಿಂದಿನ ದಿನವೇ ‘ಅಕ್ಕಾ, ಇದನ್ನ ಹೇಳ್ಲಾ?’ ಎಂದು ಕೇಳಿಬಿಡುವುದು ಒಳ್ಳೆಯದು. ಗುಟ್ಟು ಸ್ವಲ್ಪ ಒಡೆಯುತ್ತದೆ ನಿಜ, ಒಡೆಯಲಿ.

ಇನ್ನೊಂದು ತೊಡಕು ಇದಕ್ಕಿಂತ ಸೂಕ್ಷ್ಮ. ಬೀಳ್ಕೊಡುವುದು ಅರವತ್ತು ಜನರನ್ನು, ಭಾಷಣದಲ್ಲಿ ಬರುವುದು ಮೂರೇ ಹೆಸರು. ಅದೂ ಸದಾ ವೇದಿಕೆಯ ಮೇಲಿರುವವರದ್ದು. ಹಿಂದಿನ ಬೆಂಚಿನವರು ತಮಗೆ ಸಂಬಂಧವಿಲ್ಲದ ಸಮಾರಂಭದಲ್ಲಿ ಚಪ್ಪಾಳೆ ತಟ್ಟಿ ಹೋಗುತ್ತಾರೆ. ಹಾಜರಿ ಪುಸ್ತಕದಂತೆ ಎಲ್ಲ ಹೆಸರನ್ನೂ ಓದಲಾಗದು. ಆದರೆ ಎಲ್ಲರೂ ಒಟ್ಟಿಗೆ ದುಡಿದ ಪ್ರಸಂಗವೊಂದನ್ನು ಹುಡುಕಬಹುದು. ನಮ್ಮ ಹುಡುಗಿಗೆ ಸಿಕ್ಕಿದ್ದು ಎನ್‌ಎಸ್‌ಎಸ್‌ನ 7 ದಿನಗಳ ವಿಶೇಷ ಶಿಬಿರ. ಬೆಳಗಿನ ಉಪ್ಪಿಟ್ಟಿಗೆ ಈರುಳ್ಳಿ ಹೆಚ್ಚಿದವರು, ಶಾಲೆಯ ಗೋಡೆಗೆ ಸುಣ್ಣ ಹೊಡೆದವರು, ಜ್ವರ ಬಂದ ಜೂನಿಯರ್ ಪಕ್ಕದಲ್ಲಿ ರಾತ್ರಿ ಕೂತವರು. ಹೆಸರಿಲ್ಲದಿದ್ದರೂ ಪ್ರತಿಯೊಬ್ಬರಿಗೂ ‘ಅದು ನಾನು’ ಎಂದು ಗೊತ್ತಾಗುತ್ತದೆ.

ಬರೆದದ್ದನ್ನು ಗೆಳತಿಯ ಮುಂದೆ ಗಟ್ಟಿಯಾಗಿ ಓದಿದಾಗ ಆರು ನಿಮಿಷ ಹಿಡಿಯಿತು. ಬೇಕಿದ್ದುದು ನಾಲ್ಕು. ‘ವೇದಿಕೆಯ ಮೇಲೆ ಆಸೀನರಾಗಿರುವ’ ಎಂದು ಶುರುವಾಗಿ ಪ್ರಾಂಶುಪಾಲರಿಂದ ದೈಹಿಕ ಶಿಕ್ಷಣ ನಿರ್ದೇಶಕರವರೆಗೆ ಸಾಗಿದ ಸಂಬೋಧನೆಯೇ ಸುಮಾರು ಒಂದು ನಿಮಿಷ ತಿಂದಿತ್ತು. ನಿರೂಪಕರು ಅದನ್ನು ಆಗಲೇ ಹೇಳಿರುತ್ತಾರಾದ್ದರಿಂದ ‘ಪ್ರಾಂಶುಪಾಲರೇ, ಗುರುಗಳೇ, ಅಕ್ಕಂದಿರೇ, ಅಣ್ಣಂದಿರೇ’ ಎಂಬಷ್ಟಕ್ಕೆ ಇಳಿಸಿದಳು. ಕಾಪಿ ಮಾಡಿದ್ದ ಕವನ ಹೋಯಿತು. ‘ಜೀವನದ ಸವಾಲುಗಳು’ ಎಂಬ ಪ್ಯಾರಾ ಕೂಡ ಹೋಯಿತು. ಇಪ್ಪತ್ತು ವರ್ಷದವಳು ಇಪ್ಪತ್ತೊಂದರವರಿಗೆ ಕೊಡುವ ಉಪದೇಶ ಯಾರಿಗೂ ಬೇಕಿರಲಿಲ್ಲ.

ಗಂಟಲು ಕಟ್ಟುವ ಸಾಲು ಯಾವುದೆಂದು ಓದುವಾಗಲೇ ತಿಳಿಯಿತು: ಜ್ವರದ ರಾತ್ರಿಯದು. ಅದನ್ನು ಕೊನೆಗಿಟ್ಟರೆ ಮುಗಿಸಲಾಗದೆ ಇಳಿಯಬೇಕಾದೀತೆಂದು ನಡುವೆ ತಂದಳು, ಹಾಳೆಯಲ್ಲಿ ಅಲ್ಲಿ ಒಂದು ಗೆರೆ ಎಳೆದು ‘ನೀರು’ ಎಂದು ಬರೆದುಕೊಂಡಳು. ಕೊನೆಯಲ್ಲಿ ಉಳಿಸಿದ್ದು ಒಂದು ಕೋರಿಕೆ. ಪರೀಕ್ಷೆ ಮುಗಿದ ಮೇಲೆ ಟಿಸಿ, ಅಂಕಪಟ್ಟಿಗೆಂದು ಕಾಲೇಜಿಗೆ ಬರುತ್ತೀರಲ್ಲ, ಆಗ ಆಫೀಸಿನಿಂದ ಹಾಗೇ ಹೊರಟುಬಿಡಬೇಡಿ, ಲ್ಯಾಬಿನ ಕಡೆ ಬನ್ನಿ, ಮೊದಲ ವರ್ಷದವರಿಗೆ ಉಂಗುರ ಇನ್ನೂ ಬರುತ್ತಿಲ್ಲ.